ಕ್ಯಾಶ್ ಕ್ಲಿಯರ್ ಮಾಡಿದ್ರೂ ವಾಟ್ಸಾಪ್, ಇನ್‌ಸ್ಟಾ ಯಾಕೆ ಊದ್ತಾನೇ ಇರುತ್ತೆ? ಕ್ಲಿಯರ್ ಡೇಟಾ ಒತ್ತಬಹುದಾ?

ಪ್ರಶ್ನೆ: ಸರ್, ನನ್ನದು 64 ಜಿಬಿ ಆಂಡ್ರಾಯ್ಡ್ ಫೋನ್. ಸ್ಟೋರೇಜ್ ಫುಲ್ ಅಂತ ದಿನಾ ಮೆಸೇಜ್ ಬರ್ತಿದೆ. ವಾಟ್ಸಾಪ್ ಒಂದೇ 20 ಜಿಬಿ ಮೇಲೆ ತೋರಿಸ್ತಿದೆ, ಇನ್‌ಸ್ಟಾಗ್ರಾಂ, ಟೆಲಿಗ್ರಾಂ ಬೇರೆ. ಕ್ಲಿಯರ್ ಕ್ಯಾಶ್ ಮಾಡ್ತೀನಿ, ನಾಲ್ಕು ದಿನಕ್ಕೆ ಮತ್ತೆ ಅಷ್ಟೇ ಆಗುತ್ತೆ, ವಾಟ್ಸಾಪಲ್ಲಂತೂ ಕಮ್ಮಿನೇ ಆಗಲ್ಲ. ಪಕ್ಕದಲ್ಲೇ ಕ್ಲಿಯರ್ ಡೇಟಾ ಅಂತ ಇದೆ, ಅದನ್ನ ಒತ್ತಿದ್ರೆ ಎಲ್ಲಾ ಸರಿ ಹೋಗುತ್ತೆ ಅಂತ ಫ್ರೆಂಡ್ ಹೇಳ್ದ. ಒತ್ಲಾ?

ಉತ್ತರ: ವಾಟ್ಸಾಪಲ್ಲಿ ಸದ್ಯಕ್ಕೆ ಒತ್ತಬೇಡಿ. ಇನ್‌ಸ್ಟಾಗ್ರಾಂಲ್ಲಿ ಪಾಸ್‌ವರ್ಡ್ ನೆನಪಿದ್ದು, ಡ್ರಾಫ್ಟ್ ಏನೂ ಇಲ್ಲ ಅಂದ್ರೆ ಒತ್ತಿ, ತೊಂದ್ರೆ ಇಲ್ಲ. ಟೆಲಿಗ್ರಾಂಲ್ಲಿ ಒತ್ತೋ ಅಗತ್ಯನೇ ಬರಲ್ಲ, ಅದಕ್ಕೆ ಆ್ಯಪ್ ಒಳಗೇ ದಾರಿ ಇದೆ. ಒಂದೇ ಬಟನ್ನು, ಮೂರು ಆ್ಯಪಿಗೆ ಮೂರು ಉತ್ತರ. ಯಾಕಂದ್ರೆ ಇಲ್ಲಿ ನೋಡ್ಬೇಕಾಗಿರೋದು ಬಟನ್ ಹೆಸರನ್ನಲ್ಲ, ನಿಮ್ಮ ಸಾಮಾನಿನ ಒರಿಜಿನಲ್ ಎಲ್ಲಿದೆ ಅನ್ನೋದನ್ನ. ಇನ್‌ಸ್ಟಾಗ್ರಾಂಲ್ಲಿ ಒರಿಜಿನಲ್ ಕಂಪನಿ ಸರ್ವರಲ್ಲಿದೆ, ನಿಮ್ಮ ಫೋನಲ್ಲಿರೋದು ಬರೀ ಜೆರಾಕ್ಸು, ಹರಿದು ಬಿಸಾಕಿದ್ರೂ ಇನ್ನೊಂದು ತೆಗೆಸ್ಕೋಬಹುದು. ವಾಟ್ಸಾಪಲ್ಲಿ ಒರಿಜಿನಲ್ ಇರೋದೇ ನಿಮ್ಮ ಫೋನಲ್ಲಿ.

ಮೊದ್ಲು ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್, ವಾಟ್ಸಾಪ್, ಸ್ಟೋರೇಜ್ ಅಂತ ಒಳಗೆ ಹೋಗಿ ನೋಡಿ. ಅಲ್ಲಿ ಮೂರು ಲೆಕ್ಕ ಬೇರೆ ಬೇರೆ ಕಾಣುತ್ತೆ. ಮೊದಲ್ನೇದು ಆ್ಯಪ್ ಸೈಜು, ಅಂದ್ರೆ ಪ್ಲೇ ಸ್ಟೋರಿಂದ ಇಳಿದ ಪ್ರೋಗ್ರಾಂ ಮತ್ತು ಅದು ಬೇಗ ಓಪನ್ ಆಗ್ಲಿ ಅಂತ ಫೋನು ಮಾಡಿಟ್ಕೊಳ್ಳೋ ಕಂಪೈಲ್ ಆದ ಕೋಡು. ಅಪ್‌ಡೇಟ್ ಆದಂಗೆಲ್ಲಾ ಇದು ಸ್ವಲ್ಪ ಸ್ವಲ್ಪ ಬೆಳೆಯುತ್ತೆ, ಇದಕ್ಕೆ ನೀವು ಏನೂ ಮಾಡೋಕಾಗಲ್ಲ, ತಲೆ ಕೆಡಿಸ್ಕೊಳ್ಳೋವಷ್ಟು ದೊಡ್ಡದೂ ಅಲ್ಲ. ಎರಡನೇದು ಯೂಸರ್ ಡೇಟಾ. ಮೂರನೇದು ಕ್ಯಾಶ್. ಜಗಳ ಇರೋದೆಲ್ಲಾ ಈ ಎರಡರ ಮಧ್ಯೆನೇ.

ಪ್ರತಿ ಆ್ಯಪಿಗೂ ಆಂಡ್ರಾಯ್ಡ್ ಒಂದು ಖಾಸಗಿ ಫೋಲ್ಡರ್ ಕೊಡುತ್ತೆ, ಅದರೊಳಗೆ ಹೆಚ್ಚು ಕಮ್ಮಿ ಹೀಗಿರುತ್ತೆ:

```
/data/data/com.whatsapp/
    cache/
    databases/
    files/
    shared_prefs/
```

ಇದ್ರಲ್ಲಿ cache ಅನ್ನೋ ಒಂದು ಫೋಲ್ಡರಿಗೆ ಮಾತ್ರ ಬೇರೆ ಕಾನೂನು. "ಇಲ್ಲಿಟ್ಟಿದ್ದು ಯಾವಾಗ ಬೇಕಾದ್ರೂ ಹೋಗ್ಬಹುದು, ಹೋದ್ರೂ ಆ್ಯಪು ಬೀಳಬಾರದು" ಅಂತ ಆ್ಯಪ್ ಬರೆಯೋರಿಗೆ ಗೂಗಲ್ ಮೊದ್ಲೇ ಹೇಳಿರುತ್ತೆ. ಫೋನಲ್ಲಿ ಜಾಗ ತೀರಾ ಕಮ್ಮಿ ಆದ್ರೆ ಆಂಡ್ರಾಯ್ಡೇ ನಿಮ್ಮನ್ನ ಕೇಳದೆ ಇದನ್ನ ಅಳಿಸುತ್ತೆ, ಪ್ರತಿ ಆ್ಯಪಿಗೂ ಕ್ಯಾಶಿಗೆ ಇಂತಿಷ್ಟು ಅಂತ ಪಾಲಿರುತ್ತೆ, ಪಾಲು ಮೀರಿದ ಆ್ಯಪಿನ ಕ್ಯಾಶು ಮೊದ್ಲು ಹೋಗುತ್ತೆ. ನೀವು ಕ್ಲಿಯರ್ ಕ್ಯಾಶ್ ಒತ್ತಿದಾಗ ಆಗೋದೂ ಇಷ್ಟೇ, ಸಿಸ್ಟಮ್ ನಾಳೆ ಮಾಡಬಹುದಾಗಿದ್ದನ್ನ ನೀವು ಇವತ್ತು ಮಾಡಿದ್ರಿ. ಅದಕ್ಕೇ ಲಾಗಿನ್ ಹೋಗಲ್ಲ, ಚಾಟ್ ಹೋಗಲ್ಲ, ಧೈರ್ಯವಾಗಿ ಒತ್ತಬಹುದು.

ಕ್ಲಿಯರ್ ಡೇಟಾ ಹಾಗಲ್ಲ (ಕೆಲವು ಫೋನಲ್ಲಿ ಕ್ಲಿಯರ್ ಸ್ಟೋರೇಜ್ ಅಂತಿರುತ್ತೆ, ಎರಡೂ ಒಂದೇ). ಅದು databases, files, shared_prefs ಎಲ್ಲಾ ಗುಡಿಸಿ ಹಾಕುತ್ತೆ. ಮೆಸೇಜು, ಸೆಟ್ಟಿಂಗು, ನೀವು ಲಾಗಿನ್ ಆಗಿದ್ದೀರಿ ಅನ್ನೋ ಗುರುತು ಎಲ್ಲಾ ಹೋಗಿ, ಕ್ಯಾಮೆರಾ, ಮೈಕ್, ಕಾಂಟ್ಯಾಕ್ಟ್ ಪರ್ಮಿಷನ್ ಕೂಡ ಮತ್ತೆ ಕೇಳೋಕೆ ಶುರು ಮಾಡುತ್ತೆ. ಆ್ಯಪನ್ನ ಈಗ ತಾನೇ ಇನ್‌ಸ್ಟಾಲ್ ಮಾಡಿದ ಹಾಗೆ. ಇದಕ್ಕೆ ಅನ್‌ಡೂ ಇಲ್ಲ, ರೀಸೈಕಲ್ ಬಿನ್ ಇಲ್ಲ.

ಈಗ ಇನ್‌ಸ್ಟಾಗ್ರಾಂ ಯಾಕೆ ನಾಲ್ಕು ದಿನಕ್ಕೆ ಮತ್ತೆ ಅಷ್ಟೇ ಆಗುತ್ತೆ ನೋಡಿ. ನೀವು ಒಂದು ರೀಲ್ ನೋಡ್ತಿರುವಾಗ ಆ್ಯಪು ಮುಂದಿನ ರೀಲ್‌ಗಳನ್ನ ಹಿಂದಿನಿಂದ ಇಳಿಸ್ತಿರುತ್ತೆ, ಬೆರಳಾಡಿಸಿದ ತಕ್ಷಣ ವಿಡಿಯೋ ಶುರುವಾಗೋದು ಅದಕ್ಕೇ. ನೋಡಿದ ಫೋಟೋ, ಪ್ರೊಫೈಲ್ ಚಿತ್ರ, ಸ್ಟೋರಿ ಎಲ್ಲಾ ಒಂದಷ್ಟು ಹೊತ್ತು ಕ್ಯಾಶಲ್ಲೇ ಕೂತಿರುತ್ತೆ, ಮತ್ತೆ ಬೇಕಾದ್ರೆ ನೆಟ್ಟಿಂದ ತರೋದು ಬೇಡ ಅಂತ. ನೀವು ಅಳಿಸಿದ್ರೆ ಅದು ಮತ್ತೆ ಇಳಿಸುತ್ತೆ, ಇಳಿಸೋಕೆ ನಿಮ್ಮ ಡೇಟಾನೇ ಖರ್ಚು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸ್ಕೊಂಡು, ರಾತ್ರಿ ಮಲಗೋ ಮುಂಚೆ ಎಲ್ಲಾ ಆ್ಯಪಿನ ಕ್ಯಾಶ್ ಕ್ಲಿಯರ್ ಮಾಡಿ ಮಲಗೋರನ್ನ ನೋಡಿದೀನಿ, ಬೆಳಿಗ್ಗೆ ಹತ್ತು ಗಂಟೆಗೇ 50% ಡೇಟಾ ಮುಗೀತು ಅಂತ ಮೆಸೇಜ್ ಬಂದ್ರೆ ಸಿಮ್ ಕಂಪನಿಗೆ ಬೈತಾರೆ. ಕ್ಯಾಶು ಒಂದು ಮಟ್ಟಕ್ಕೆ ಬಂದು ಅಲ್ಲೇ ಏರುಪೇರಾಗ್ತಿದ್ರೆ ಅದು ರೋಗ ಅಲ್ಲ, ಆ್ಯಪು ಬಳಸೋ ನಿಮ್ಮ ಅಳತೆ ಅದು. ಫೋಟೋನೇ ಲೋಡ್ ಆಗ್ತಿಲ್ಲ, ಹಳೇ ಫೀಡೇ ತೋರಿಸ್ತಿದೆ, ಆ್ಯಪು ಪದೇ ಪದೇ ಮುಚ್ಕೊಳ್ತಿದೆ ಅನ್ನೋವಾಗ ಕ್ಲಿಯರ್ ಕ್ಯಾಶ್ ಒಳ್ಳೇ ಮದ್ದು. ಜಾಗ ಉಳಿಸೋಕೆ ಅದು ಮದ್ದಲ್ಲ.

ಇನ್‌ಸ್ಟಾದಲ್ಲೇ ಕ್ಯಾಶ್ ಕಮ್ಮಿ ಇದ್ದು ಯೂಸರ್ ಡೇಟಾ ಜಿಬಿಗಟ್ಟಲೆ ಆಗಿದ್ರೆ? ಅದೂ ಆಗುತ್ತೆ. cache ಫೋಲ್ಡರಲ್ಲಿ ಇಟ್ಟಿದ್ದು ಮಾತ್ರ ಕ್ಯಾಶ್ ಲೆಕ್ಕಕ್ಕೆ ಬರುತ್ತೆ, ಆ್ಯಪ್ ಬರೆದೋರು ಅದೇ ವಿಡಿಯೋನ files ಫೋಲ್ಡರಲ್ಲಿಟ್ರೆ ಆಂಡ್ರಾಯ್ಡ್ ಕಣ್ಣಿಗೆ ಅದು ಯೂಸರ್ ಡೇಟಾ. ಅಲ್ಲಿರೋದನ್ನ ಸಿಸ್ಟಮ್ಮೂ ಮುಟ್ಟಲ್ಲ, ಕ್ಲಿಯರ್ ಕ್ಯಾಶೂ ಮುಟ್ಟಲ್ಲ. ಆ್ಯಪ್ ಒಳಗೇ ಲಿಂಕ್ ಓಪನ್ ಆಗುತ್ತಲ್ಲ, ಆ ಒಳಗಿನ ಬ್ರೌಸರ್ ಕೂಡ ತನ್ನ ಕುಕಿ, ಸೈಟ್ ಡೇಟಾ ಅಂತ ಒಂದಷ್ಟನ್ನ ಈ ಕಡೆಗೇ ಸೇರಿಸುತ್ತೆ. ಅಂಥ ಟೈಮಲ್ಲಿ ಇನ್‌ಸ್ಟಾಗೆ ಕ್ಲಿಯರ್ ಡೇಟಾನೇ ಸರಿ. ನಿಮ್ಮ ಪೋಸ್ಟು, ಫಾಲೋವರ್ಸು, ಮೆಸೇಜು ಎಲ್ಲಾ ಸರ್ವರಲ್ಲಿರೋದ್ರಿಂದ ಲಾಗಿನ್ ಆದ ಕೂಡಲೇ ವಾಪಸ್ ಬರುತ್ತೆ. ಹೋಗೋದು ಅರ್ಧ ಎಡಿಟ್ ಮಾಡಿಟ್ಟ ರೀಲ್ ಡ್ರಾಫ್ಟು, ಅದು ಫೋನಲ್ಲಿ ಮಾತ್ರ ಇರುತ್ತೆ, ಅದನ್ನ ಮೊದ್ಲು ಗ್ಯಾಲರಿಗೆ ಸೇವ್ ಮಾಡ್ಕೊಳಿ ಇಲ್ಲಾ ಪೋಸ್ಟ್ ಮಾಡಿಬಿಡಿ. ಎರಡ್ಮೂರು ಅಕೌಂಟ್ ಇಟ್ಕೊಂಡಿದ್ರೆ ಎಲ್ಲದರ ಪಾಸ್‌ವರ್ಡೂ ಬೇಕು, ಟೂ ಫ್ಯಾಕ್ಟರ್ ಆನ್ ಇದ್ರೆ ಕೋಡ್ ಬರೋ ನಂಬರ್ ಇನ್ನೂ ನಿಮ್ಮ ಕೈಲಿದ್ಯಾ ನೋಡ್ಕೊಳಿ. ಜನ ಸಿಕ್ಕಾಕೊಳ್ಳೋದು ಇಲ್ಲೇ, ಜಾಗ ಸಿಗುತ್ತೆ ಆದ್ರೆ ಅಕೌಂಟಿಗೆ ಹೋಗೋಕಾಗಲ್ಲ.

ಟೆಲಿಗ್ರಾಂದು ಚಿಕ್ಕದಾಗಿ ಹೇಳ್ತೀನಿ. ಅದ್ರ ಮಾಮೂಲಿ ಚಾಟು, ಚಾನೆಲ್ಲು ಎಲ್ಲಾ ಕ್ಲೌಡಲ್ಲಿರುತ್ತೆ. ಆ್ಯಪ್ ಸೆಟ್ಟಿಂಗ್ಸಲ್ಲಿ Data and Storage, ಅದ್ರೊಳಗೆ Storage Usage ಗೆ ಹೋದ್ರೆ ಯಾವ ಚಾಟು ಎಷ್ಟು ತಿಂದಿದೆ ಅಂತ ತೋರಿಸಿ ಅಲ್ಲೇ ಅಳಿಸೋಕೆ ಕೊಡುತ್ತೆ, Keep Media ಅನ್ನೋದನ್ನ ಒಂದು ವಾರಕ್ಕಿಟ್ರೆ ವಾರದಿಂದ ತೆಗೆದು ನೋಡದೇ ಇರೋ ಫೈಲನ್ನ ಅದೇ ಅಳಿಸ್ತಾ ಹೋಗುತ್ತೆ, ಬೇಕಾದಾಗ ಮತ್ತೆ ಇಳಿಸ್ಕೋಬಹುದು. ಸಿನಿಮಾ ಚಾನೆಲ್ ಸೇರ್ಕೊಂಡೋರಿಗೆ ಇದೊಂದೇ ಸಾಕು. ಸೀಕ್ರೆಟ್ ಚಾಟ್ ಮಾಡೋರು ಮಾತ್ರ ಹುಷಾರು, ಅದು ಕ್ಲೌಡಿಗೆ ಹೋಗಲ್ಲ, ಕ್ಲಿಯರ್ ಡೇಟಾ ಮಾಡಿದ್ರೆ ಹೋದಂಗೇ.

ಈಗ ನಿಮ್ಮ ನಿಜವಾದ ತಲೆನೋವಿಗೆ ಬರೋಣ, ವಾಟ್ಸಾಪಿಗೆ.

ಮೆಸೇಜು ನಿಮ್ಮ ಫೋನಿಗೆ ತಲುಪಿದ ಮೇಲೆ ವಾಟ್ಸಾಪ್ ಸರ್ವರ್ ಅದನ್ನ ಇಟ್ಕೊಳ್ಳಲ್ಲ. ಹತ್ತು ವರ್ಷದ ಚಾಟು msgstore.db ಅನ್ನೋ ಒಂದು ಡೇಟಾಬೇಸ್ ಫೈಲಲ್ಲಿ, ಮೇಲೆ ತೋರಿಸಿದ databases ಫೋಲ್ಡರಲ್ಲಿ ಕೂತಿರುತ್ತೆ. ಫೋಟೋ ವಿಡಿಯೋಗಳು ಅಲ್ಲಿರಲ್ಲ, ಅವು ಬೇರೆ ಕಡೆ, ಫೈಲ್ ಮ್ಯಾನೇಜರಲ್ಲಿ ನೀವೇ ನೋಡಬಹುದಾದ ಜಾಗದಲ್ಲಿರುತ್ತೆ:

```
Android/media/com.whatsapp/WhatsApp/Media/
Android/media/com.whatsapp/WhatsApp/Databases/
```

ಇವೆಲ್ಲಾ ಯೂಸರ್ ಡೇಟಾ ಲೆಕ್ಕಕ್ಕೇ ಬರುತ್ತೆ. ಕ್ಲಿಯರ್ ಕ್ಯಾಶ್ ಒತ್ತಿದ್ರೆ ವಾಟ್ಸಾಪ್ ಯಾಕೆ ಕಮ್ಮಿ ಆಗಲ್ಲ ಅಂತ ಕೇಳಿದ್ರಲ್ಲ, ಇದೇ ಕಾರಣ, ಅದ್ರ ತೂಕ ಕ್ಯಾಶಲ್ಲಿ ಇಲ್ಲವೇ ಇಲ್ಲ.

ನಮ್ಮ ಚಿಕ್ಕಪ್ಪನ ಫೋನು ನಿಮ್ಮದರ ಥರಾನೇ, 64 ಜಿಬಿ. ಅವರು ಲೇಔಟ್ ಗ್ರೂಪು, ರಿಟೈರ್ಡ್ ಆದೋರ ಗ್ರೂಪು, ನೆಂಟರ ಗ್ರೂಪು ಅಂತ ಎಲ್ಲಾ ಕಡೆ ಇದಾರೆ, ಬೆಳಿಗ್ಗೆ ಎದ್ದರೆ ಗುಡ್ ಮಾರ್ನಿಂಗ್ ವಿಡಿಯೋ. ಯೂಸರ್ ಡೇಟಾ 20.8 ಜಿಬಿ ಇತ್ತು, ಕ್ಯಾಶು ಅರ್ಧ ಜಿಬಿನೂ ಇರ್ಲಿಲ್ಲ. ಫೋಲ್ಡರ್ ಬಿಚ್ಚಿ ನೋಡಿದ್ರೆ ವಿಡಿಯೋ 9.2, ಫೋಟೋ 4.6, ಪಿಡಿಎಫ್ ಥರದ ಡಾಕ್ಯುಮೆಂಟು 1.5, ವಾಯ್ಸ್ ನೋಟು 0.8. ಇಷ್ಟು ಯಾರಾದ್ರೂ ಊಹಿಸಬಹುದು. ಊಹಿಸದೇ ಇದ್ದಿದ್ದು Databases ಫೋಲ್ಡರು, ಅದೊಂದೇ 3.6 ಜಿಬಿ. ಉಳಿದ 1.1 ಜಿಬಿ ಒಳಗಿನ msgstore.db ಮತ್ತು ಅದರ ಜೊತೆಗಾರರು.

ಆ 3.6 ಏನಂದ್ರೆ, ವಾಟ್ಸಾಪ್ ಪ್ರತಿ ರಾತ್ರಿ ಎರಡು ಗಂಟೆ ಹೊತ್ತಿಗೆ ಚಾಟ್ ಡೇಟಾಬೇಸಿನ ಒಂದು ಲೋಕಲ್ ಬ್ಯಾಕಪ್ ಮಾಡುತ್ತೆ, ಗೂಗಲ್ ಡ್ರೈವ್ ಬ್ಯಾಕಪ್ ಆಫ್ ಇದ್ರೂ ಮಾಡುತ್ತೆ. ಹಿಂದಿನ ವಾರದ ಕಾಪಿಗಳನ್ನೂ ತಾರೀಖು ಹಾಕಿ ಇಟ್ಕೊಂಡಿರುತ್ತೆ. ಫೈಲ್ ಹೆಸರು ಹೀಗೆ ಕಾಣುತ್ತೆ:

```
msgstore.db.crypt15
msgstore-2025-01-14.1.db.crypt15
```

ಚಿಕ್ಕಪ್ಪನ ಫೋನಲ್ಲಿ ಇಂಥವು ಎಂಟು ಇದ್ವು, ಒಂದೊಂದು ಸುಮಾರು 450 ಎಂಬಿ. ಅಂದ್ರೆ ಚಾಟು ಒಂದೇ, ಆದ್ರೆ ಅದು ಫೋನಲ್ಲಿ ಒಂಬತ್ತು ಸಲ ಇದೆ. ಚಾಟು ಬೆಳೆದ್ರೆ ಅದ್ರ ಜೊತೆ ಎಂಟೂ ಬ್ಯಾಕಪ್ಪು ಬೆಳೆಯುತ್ತೆ, ಯಾರೂ ಏನೂ ಡೌನ್‌ಲೋಡ್ ಮಾಡದೇನೇ.

ಇನ್ನೊಂದು ಕಳ್ಳ ಜಾಗ WhatsApp Video ಮತ್ತು WhatsApp Images ಒಳಗಿರೋ Sent ಫೋಲ್ಡರು. ನೀವು ಕ್ಯಾಮೆರಾದಲ್ಲಿ ತೆಗೆದ ವಿಡಿಯೋ ಗ್ಯಾಲರೀಲಿ ಇದ್ದೇ ಇರುತ್ತೆ, ಅದನ್ನ ವಾಟ್ಸಾಪಲ್ಲಿ ಕಳಿಸಿದಾಗ ಕುಗ್ಗಿಸಿದ ಇನ್ನೊಂದು ಕಾಪಿ Sent ಒಳಗೆ ಬೀಳುತ್ತೆ. ಆ ಫೋಲ್ಡರ್ ಗ್ಯಾಲರೀಲಿ ಕಾಣಬಾರದು ಅಂತ ವಾಟ್ಸಾಪೇ ಗುರುತು ಹಾಕಿರುತ್ತೆ, ಹಾಗಾಗಿ ಗ್ಯಾಲರಿ ಎಷ್ಟು ಕ್ಲೀನ್ ಮಾಡಿದ್ರೂ ಇದು ಹಂಗೇ ಇರುತ್ತೆ. ಚಿಕ್ಕಪ್ಪನ ವಿಡಿಯೋ 9.2ರಲ್ಲಿ ಎರಡು ಜಿಬಿ ಮೇಲೆ ಬರೀ Sent.

ನಾವು ಮಾಡಿದ್ದು ಇಷ್ಟು. ವಾಟ್ಸಾಪ್ ಸೆಟ್ಟಿಂಗ್ಸ್, Storage and data, Manage storage. ಅಲ್ಲಿ 5 ಎಂಬಿಗಿಂತ ದೊಡ್ಡ ಫೈಲುಗಳು ಒಂದು ಕಡೆ, ತುಂಬಾ ಸಲ ಫಾರ್ವರ್ಡ್ ಆದವು ಇನ್ನೊಂದು ಕಡೆ, ಕೆಳಗೆ ಗ್ರೂಪ್ ಪ್ರಕಾರ ಯಾರು ಎಷ್ಟು ತಿಂದಿದಾರೆ ಅಂತ ಸಾಲಾಗಿ ಇರುತ್ತೆ. ದೊಡ್ಡ ವಿಡಿಯೋಗಳನ್ನ ಒಂದೊಂದಾಗಿ ನೋಡಿ, ಮದುವೆದು, ಮೊಮ್ಮಕ್ಕಳದು ಬಿಟ್ಟು ಮಿಕ್ಕಿದ್ದು ಅಳಿಸಿದ್ವಿ, ಒರಿಜಿನಲ್ ಗ್ಯಾಲರೀಲಿದೆ ಅಂತ ಖಾತ್ರಿ ಆದ ಮೇಲೆ Sent ಒಳಗಿಂದೂ ತೆಗೆದ್ವಿ. ವಿಡಿಯೋ 9.2ರಿಂದ 3ಕ್ಕೆ, ಫೋಟೋ 4.6ರಿಂದ 3.4ಕ್ಕೆ ಇಳೀತು. ಬ್ಯಾಕಪ್ಪಲ್ಲಿ ತಾರೀಖು ಇಲ್ಲದ msgstore.db.crypt15 ಅದು ಇತ್ತೀಚಿಂದು, ಅದನ್ನೂ ಅದ್ರ ಹಿಂದಿನ ದಿನದ್ದನ್ನೂ ಬಿಟ್ಟು ಆರು ಹಳೇದನ್ನ ಫೈಲ್ ಮ್ಯಾನೇಜರಿಂದ ಅಳಿಸಿದ್ವಿ, 2.7 ಜಿಬಿ. ಒಟ್ಟು ಹತ್ತು ಜಿಬಿ ಖಾಲಿ, ಬರೆದ ಮೆಸೇಜು ಒಂದೂ ಹೋಗ್ಲಿಲ್ಲ.

ಆದ್ರೆ ಲೆಕ್ಕ ಸರಿಯಾಗಿ ಹೇಳ್ಬೇಕು. ಆ 2.7 ಜಿಬಿ ಒಂದು ವಾರದಲ್ಲಿ ವಾಪಸ್ ಬರುತ್ತೆ, ರಾತ್ರಿಗೊಂದು ಬ್ಯಾಕಪ್ ಆಗ್ತಾನೇ ಇರುತ್ತಲ್ಲ. ಆ ಲೋಕಲ್ ಬ್ಯಾಕಪ್ಪನ್ನ ನಿಲ್ಲಿಸೋಕೆ ಆಪ್ಷನ್ ಇಲ್ಲ. ತಕ್ಷಣ ಜಾಗ ಬೇಕು, ಆ್ಯಪ್ ಅಪ್‌ಡೇಟೇ ಆಗ್ತಿಲ್ಲ ಅನ್ನೋವಾಗ ಅದು ಉಪಯೋಗ, ಖಾಯಂ ಉಳಿತಾಯ ಅಲ್ಲ. ಖಾಯಂ ಉಳಿಬೇಕು ಅಂದ್ರೆ ಡೇಟಾಬೇಸೇ ಸಣ್ಣ ಆಗ್ಬೇಕು, ಅಂದ್ರೆ ಬೇಡದ ಗ್ರೂಪಿನ ಹಳೇ ಚಾಟನ್ನ ಕ್ಲಿಯರ್ ಮಾಡ್ಬೇಕು.

ಅದನ್ನ ಮಾಡಿದ ಮೇಲೂ ನಂಬರ್ ಇಳೀಲಿಲ್ಲ ಅಂತ ಗಾಬರಿ ಆಗ್ಬೇಡಿ. ಚಾಟು ಇರೋದು ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸಲ್ಲಿ, ಅದ್ರಲ್ಲಿ ಸಾಲು ಅಳಿಸಿದ್ರೆ ಆ ಜಾಗ ಖಾಲಿ ಅಂತ ಗುರುತು ಆಗುತ್ತೆ ಅಷ್ಟೇ, ಫೈಲು ಸಾಮಾನ್ಯವಾಗಿ ತಾನಾಗೇ ಕುಗ್ಗಲ್ಲ. ಮುಂದೆ ಬರೋ ಮೆಸೇಜು ಆ ಖಾಲಿ ಜಾಗದಲ್ಲೇ ಕೂರುತ್ತೆ. ಅಂದ್ರೆ 1.1 ಜಿಬಿ ಅನ್ನೋದು ಇಳಿಯದೇ ಇರಬಹುದು, ಆದ್ರೆ ಒಂದಷ್ಟು ತಿಂಗಳು ಏರೋದೂ ನಿಲ್ಲುತ್ತೆ. ವಿಡಿಯೋ ಫೈಲ್ ಅಳಿಸಿದ ಮೇಲೂ ಚಾಟಲ್ಲಿ ಮಸುಕು ಮಸುಕಾಗಿ ಚಿತ್ರ ಕಾಣುತ್ತಲ್ಲ, ಆ ಚಿಕ್ಕ ಥಂಬ್‌ನೇಲ್ ಕೂಡ ಇದೇ ಡೇಟಾಬೇಸ್ ಒಳಗೆ ಇರೋದು.

ಇಷ್ಟಾದ ಮೇಲೂ ವಾಟ್ಸಾಪ್ ಸರಿ ಇಲ್ಲ, ಓಪನ್ನೇ ಆಗ್ತಿಲ್ಲ, ಕ್ಲಿಯರ್ ಡೇಟಾ ಮಾಡ್ಲೇಬೇಕು ಅನ್ನೋ ಪರಿಸ್ಥಿತಿ ಬಂದ್ರೆ, ಒತ್ತೋ ಮುಂಚೆ ನೋಡ್ಬೇಕಾದ್ದು ಹೇಳ್ತೀನಿ. ಆ್ಯಪು ಓಪನ್ ಆಗುತ್ತೆ ಅಂದ್ರೆ Chats ಒಳಗೆ Chat backup ಗೆ ಹೋಗಿ ಕೊನೇ ಬ್ಯಾಕಪ್ ಯಾವತ್ತು ಆಗಿದೆ, ಯಾವ ಜೀಮೇಲಿಗೆ ಹೋಗಿದೆ ಅಂತ ಓದಿ. ಎಷ್ಟೋ ಜನಕ್ಕೆ ಅಂಗಡಿಯೋನು ಮಾಡ್ಕೊಟ್ಟ ಜೀಮೇಲ್ ಅದು, ಪಾಸ್‌ವರ್ಡೇ ಗೊತ್ತಿರಲ್ಲ. ವಿಡಿಯೋ ಸೇರಿಸಿ ಅನ್ನೋ ಸ್ವಿಚ್ಚು ನೀವಾಗಿ ಆನ್ ಮಾಡದೇ ಇದ್ರೆ ಡ್ರೈವಿಗೆ ವಿಡಿಯೋ ಹೋಗಿರಲ್ಲ. ಡ್ರೈವಲ್ಲಿ ಜಾಗ ಇದ್ಯಾ ನೋಡಿ, ಮೊದ್ಲು ವಾಟ್ಸಾಪ್ ಬ್ಯಾಕಪ್ ಲೆಕ್ಕಕ್ಕೆ ಬರ್ತಿರ್ಲಿಲ್ಲ, 2024ರಿಂದ ಆಂಡ್ರಾಯ್ಡಲ್ಲೂ ಅದು ಗೂಗಲ್ ಫ್ರೀ ಕೊಡೋ 15 ಜಿಬಿ ಒಳಗೇ ಬರುತ್ತೆ, ತುಂಬಿದ್ರೆ ಬ್ಯಾಕಪ್ ನಿಂತಿರುತ್ತೆ, ನಿಮಗೆ ಗೊತ್ತೇ ಆಗಿರಲ್ಲ. ಎನ್‌ಕ್ರಿಪ್ಟೆಡ್ ಬ್ಯಾಕಪ್ ಆನ್ ಮಾಡಿದ್ರೆ ಆಗ ನೀವು ಆರಿಸ್ಕೊಂಡ ಪಾಸ್‌ವರ್ಡ್, ಪಾಸ್‌ಕೀ ಇಲ್ಲಾ 64 ಅಂಕಿಯ ಕೀ ಬೇಕೇ ಬೇಕು, ಮರೆತ್ರೆ ಬೇರೆ ಯಾರೂ ತೆಗೆದುಕೊಡೋಕಾಗಲ್ಲ. ಆರಂಕಿಯ ಟೂ ಸ್ಟೆಪ್ ಪಿನ್ ಮರೆತು, ಈಮೇಲೂ ಕೊಟ್ಟಿರ್ಲಿಲ್ಲ ಅಂದ್ರೆ ಏಳು ದಿನ ಕಾಯ್ಬೇಕಾಗುತ್ತೆ.

ಜೊತೆಗೆ Android/media ಒಳಗಿನ com.whatsapp ಫೋಲ್ಡರನ್ನ ಪೂರ್ತಿ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಕಾಪಿ ಹಾಕ್ಕೊಳಿ. ಮೀಡಿಯಾ ಬೇರೆ ಫೋಲ್ಡರಲ್ಲಿದೆ, ಕ್ಲಿಯರ್ ಡೇಟಾದಿಂದ ಅದಕ್ಕೇನೂ ಆಗಲ್ಲ ಅಂತ ಕೆಲವರು ಹೇಳ್ತಾರೆ, ಆ ಮಾತನ್ನ ನಂಬ್ಕೊಂಡು ಬಟನ್ ಒತ್ತಬೇಡಿ. ಮತ್ತೆ ನಂಬರ್ ಹಾಕಿ ಲಾಗಿನ್ ಆಗ್ವಾಗ ರಿಸ್ಟೋರ್ ಬೇಕಾ ಅಂತ ಒಂದು ಸಲ ಕೇಳುತ್ತೆ, ಅವಸರದಲ್ಲಿ ಸ್ಕಿಪ್ ಒತ್ತಿದ್ರೆ ಖಾಲಿ ವಾಟ್ಸಾಪ್ ಶುರುವಾಗುತ್ತೆ, ಆಮೇಲೆ ಆಗೋ ಬ್ಯಾಕಪ್ಪು ಹಳೇದರ ಮೇಲೆ ಕೂತ್ಕೊಳ್ಳೋ ಅಪಾಯ ಇದೆ.

ಪ್ಲೇ ಸ್ಟೋರಿನ ಕ್ಲೀನರ್ ಆ್ಯಪುಗಳ ಬಗ್ಗೆ ನೀವು ಕೇಳ್ಲಿಲ್ಲ, ಆದ್ರೂ ಹೇಳಿಬಿಡ್ತೀನಿ, ಬೇಡ. ಒಂದು ಆ್ಯಪು ಇನ್ನೊಂದು ಆ್ಯಪಿನ ಖಾಸಗಿ ಫೋಲ್ಡರ್ ಒಳಗೆ ಹೋಗೋಕೆ ಆಂಡ್ರಾಯ್ಡ್ ಬಿಡಲ್ಲ, ಹಾಗಾಗಿ ಅವು ಇನ್‌ಸ್ಟಾ ಕ್ಯಾಶನ್ನ ನಿಮಗಿಂತ ಚೆನ್ನಾಗಿ ಅಳಿಸೋಕೆ ಸಾಧ್ಯ ಇಲ್ಲ. ಪರ್ಮಿಷನ್ ಕೊಟ್ರೆ ಕೈಗೆ ಸಿಗೋದು ಎಲ್ಲರಿಗೂ ಕಾಣೋ ಜಾಗ, ಅಂದ್ರೆ ನಿಮ್ಮ ಫೋಟೋಗಳೇ. ಐಫೋನ್ ಇಟ್ಕೊಂಡಿರೋರು ಮನೇಲಿದ್ರೆ ಅವ್ರಿಗೆ ಕ್ಲಿಯರ್ ಕ್ಯಾಶ್ ಬಟನ್ನೇ ಇಲ್ಲ. ಆಫ್‌ಲೋಡ್ ಮಾಡಿದ್ರೆ ಪ್ರೋಗ್ರಾಂ ಮಾತ್ರ ಹೋಗಿ ಡಾಕ್ಯುಮೆಂಟ್ಸ್ ಅಂಡ್ ಡೇಟಾ ಹಂಗೇ ಉಳಿಯುತ್ತೆ, ಇನ್‌ಸ್ಟಾ ಥರದ್ದು ಊದಿದ್ರೆ ಡಿಲೀಟ್ ಮಾಡಿ ಮತ್ತೆ ಹಾಕ್ಕೊಳ್ಳೋದೇ ದಾರಿ.

ನಿಮ್ಮ ಫೋನಿಗೆ ಈಗ ಮಾಡಿ: ಮೂರೂ ಆ್ಯಪಿನ ಆ ಸ್ಟೋರೇಜ್ ಪೇಜಿನ ಸ್ಕ್ರೀನ್‌ಶಾಟ್ ತಗೊಂಡಿಟ್ಕೊಳಿ, ಒಂದು ವಾರ ಬಿಟ್ಟು ಮತ್ತೆ ನೋಡಿ, ಯಾವ ನಂಬರ್ ಏರಿದೆ ಅಂತ ಗೊತ್ತಾಗುತ್ತೆ. ವಾಟ್ಸಾಪಲ್ಲಿ ಯೂಸರ್ ಡೇಟಾ ಏರ್ತಿದ್ರೆ Storage and data ಒಳಗಿನ ಮೀಡಿಯಾ ಆಟೋ ಡೌನ್‌ಲೋಡಲ್ಲಿ ಮೊಬೈಲ್ ಡೇಟಾಗೂ ವೈಫೈಗೂ ವಿಡಿಯೋ ಟಿಕ್ ತೆಗೀರಿ. ಮೊಬೈಲ್ ಡೇಟಾದ್ದು ತೆಗೆದು ವೈಫೈದು ಹಂಗೇ ಬಿಟ್ಟಿರ್ತಾರೆ ಜನ, ಮನೆಗೆ ಬಂದ ತಕ್ಷಣ ಗ್ರೂಪಿನ ವಿಡಿಯೋ ಎಲ್ಲಾ ಇಳಿಯುತ್ತೆ. ಸೆಟ್ಟಿಂಗ್ಸಿನ Chats ಒಳಗೆ ಮೀಡಿಯಾ ವಿಸಿಬಿಲಿಟಿ ಅಂತ ಸಿಗುತ್ತೆ, ಅದನ್ನ ಆಫ್ ಮಾಡಿದ್ರೆ ಹೊಸ ಫೋಟೋಗಳು ಗ್ಯಾಲರೀಲಿ ಕಾಣಲ್ಲ ಅಷ್ಟೇ, ಒಂದು ಎಂಬಿನೂ ಉಳಿಯಲ್ಲ.